ಒಂದೇ ಕಪ್ ಟೀಗೆ ಎಂಟು k ಬಂದರೆ ಯಾವುದನ್ನು ನಂಬುವುದು?

ಪ್ರಶ್ನೆ: ಸರ್, ಪ್ರಥಮ ಪಿಯುಸಿ ಫಿಸಿಕ್ಸ್ ಪ್ರಾಜೆಕ್ಟಿಗೆ ನ್ಯೂಟನ್ ತಣಿಯುವಿಕೆ ನಿಯಮದ k, ಅಂದರೆ ಬಿಸಿ ವಸ್ತು ಎಷ್ಟು ಬೇಗ ತಣಿಯುತ್ತದೆ ಅನ್ನುವ ಸಂಖ್ಯೆ, ಕಂಡುಹಿಡಿಯಲು ಪಿಂಗಾಣಿ ಕಪ್ಪಿನಲ್ಲಿ 150 ಎಂಎಲ್ ಬಿಸಿ ಟೀ ಇಟ್ಟು, ಲ್ಯಾಬ್ ಥರ್ಮಾಮೀಟರ್ ನಿಲ್ಲಿಸಿ, ಐದೈದು ನಿಮಿಷಕ್ಕೆ ಮೊಬೈಲಿನಲ್ಲಿ ಫೋಟೋ ತೆಗೆದೆ. ಓದಿದ್ದು 84, 74, 67, 61, 57, 53, 50, 47, 45. ರೂಮ್ 26 ಡಿಗ್ರಿ. ಮೊದಲ ಎರಡು ಫೋಟೋದಿಂದ k ನಿಮಿಷಕ್ಕೆ 0.038 ಬಂತು, ಕೊನೆಯ ಎರಡರಿಂದ 0.020. ನಡುವೆ ಹತ್ತಿ ಇಳಿದು ಕುಣಿಯುತ್ತಿದೆ. k ಅಂದರೆ ಸ್ಥಿರಾಂಕ ಅಲ್ವಾ? ಎಂಟರ ಸರಾಸರಿ ತೆಗೆದು ಬರೆದರೆ ಆಗುತ್ತಾ? ಟೀಗೆ ಸರಿಯಾದ k ಎಷ್ಟು ಅಂತ ಎಲ್ಲೂ ಸಿಗುತ್ತಿಲ್ಲ. ಫೋಟೋಗಳನ್ನು ಇಮೇಲಿಗೆ ಹಾಕಿದ್ದೇನೆ. (ವಿದ್ಯಾರ್ಥಿನಿ, ಹಾಸನ)

ಉತ್ತರ: ಕೊನೆಯ ಮಾತಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಹುಡುಕಿ ಸುಸ್ತಾಗಿರುತ್ತೀರಿ. ಟೀಗೆ ಅಂತ ಒಂದು k ಇಲ್ಲ. ಇರುವುದು ನಿಮ್ಮ ಕಪ್ಪಿಗೆ, ಅದರಲ್ಲಿದ್ದ 150 ಎಂಎಲ್‌ಗೆ, ಆ ದಿನ ನಿಮ್ಮ ರೂಮಿನ ಗಾಳಿಗೆ ಸೇರಿದ k. ಅದೇ ಟೀಯನ್ನು ಸ್ಟೀಲ್ ಲೋಟಕ್ಕೆ ಹಾಕಿದರೆ, ಫ್ಯಾನ್ ಹಾಕಿದರೆ, ಅರ್ಧ ಕಪ್ ಮಾತ್ರ ಇಟ್ಟರೆ ಬೇರೆ k ಬರುತ್ತದೆ. ಹಾಗಾಗಿ ಹೊಂದಿಸಿ ನೋಡಲು ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ನಿಮ್ಮ ಫೋಟೋಗಳಿಂದಲೇ ಅದನ್ನು ತೆಗೆಯಬೇಕು, ಅದು ಎಷ್ಟರ ಮಟ್ಟಿಗೆ ನಂಬಬಹುದಾದ ಸಂಖ್ಯೆ ಅಂತಲೂ ಅದೇ ಫೋಟೋಗಳು ಹೇಳಬೇಕು. ಅವು ಹೇಳುತ್ತವೆ.

ನಿಮ್ಮ k ಎರಡು ಬೇರೆ ಬೇರೆ ಕಾರಣಕ್ಕೆ ಬದಲಾಗುತ್ತಿದೆ. ಕುಣಿಯುವುದಕ್ಕೆ ಒಂದು ಕಾರಣ, ಒಟ್ಟಾರೆ ಇಳಿಯುವುದಕ್ಕೆ ಇನ್ನೊಂದು. ಸರಾಸರಿ ತೆಗೆದರೆ ಎರಡೂ ಕಲಸಿಹೋಗುತ್ತವೆ, ಅದಕ್ಕೇ ಬೇಡ ಅನ್ನುತ್ತಿದ್ದೇನೆ.

ಮೊದಲು ಕುಣಿತ ನೋಡೋಣ. ನೀವು ಬಳಸಿದ ಸೂತ್ರ ಸರಿಯಾಗಿಯೇ ಇದೆ:

```
k = ln[(T1 - Ta)/(T2 - Ta)] / (t2 - t1)
```

ಇಲ್ಲಿ Ta ಅಂದರೆ ರೂಮಿನ ಉಷ್ಣತೆ. ಲೆಕ್ಕಕ್ಕೆ ಬರುವುದು 84 ಅಲ್ಲ, ರೂಮಿಗಿಂತ ಎಷ್ಟು ಜಾಸ್ತಿ ಇದೆಯೋ ಆ 58. ನಿಮ್ಮ ಥರ್ಮಾಮೀಟರಿನಲ್ಲಿ ಒಂದೊಂದು ಡಿಗ್ರಿಗೆ ಒಂದು ಗೆರೆ. ನೀವು 47 ಅಂತ ಬರೆದದ್ದು ನಿಜದಲ್ಲಿ 46.5ರಿಂದ 47.5ರ ಒಳಗೆ ಎಲ್ಲಾದರೂ ಇರಬಹುದು, 45 ಕೂಡ ಹಾಗೆಯೇ. ಈಗ ಕೊನೆಯ ಜೋಡಿಯನ್ನು ಎರಡೂ ತುದಿಯಿಂದ ಲೆಕ್ಕ ಹಾಕಿ. ಜಾಸ್ತಿ ಇರುವ ಬಿಸಿ 21.5ರಿಂದ 18.5ಕ್ಕೆ ಇಳಿದಿದ್ದರೆ k 0.030. 20.5ರಿಂದ 19.5ಕ್ಕೆ ಇಳಿದಿದ್ದರೆ 0.010. ಅಂದರೆ ನಿಮ್ಮ ಆ 0.020 ನಿಜಕ್ಕೂ ಹೇಳುತ್ತಿರುವುದು "0.010ಕ್ಕೂ 0.030ಕ್ಕೂ ನಡುವೆ ಎಲ್ಲೋ" ಅಂತ ಮಾತ್ರ. ಟೀ ತಣ್ಣಗಾದಷ್ಟೂ ಐದು ನಿಮಿಷದಲ್ಲಿ ಇಳಿಯುವುದು ಎರಡೋ ಮೂರೋ ಡಿಗ್ರಿ. ಅದರಲ್ಲಿ ಅರ್ಧ ಡಿಗ್ರಿ ಹೆಚ್ಚುಕಮ್ಮಿಯಾದರೆ ಉತ್ತರವೇ ಉಲ್ಟಾ. ಅಕ್ಕಪಕ್ಕದ ಎರಡು ಫೋಟೋಗಳಿಂದ k ತೆಗೆಯುವ ಅಭ್ಯಾಸವನ್ನೇ ಬಿಡಿ.

ಕುಣಿತಕ್ಕೆ ಇನ್ನೊಂದು ಕಾರಣ ನಿಮ್ಮ ಫೋಟೋಗಳಲ್ಲೇ ಸಿಕ್ಕಿತು. 25ನೇ ನಿಮಿಷದ್ದು ಅಂತ ಬರೆದ ಫೋಟೋ ತೆಗೆದದ್ದು 25 ನಿಮಿಷ 20 ಸೆಕೆಂಡಿಗೆ. ಅಲಾರಾಂ ಹೊಡೆದ ಮೇಲೆ ಫೋನ್ ಎತ್ತಿ ಫೋಕಸ್ ಮಾಡುವಷ್ಟರಲ್ಲಿ ಅಷ್ಟು ಹೊತ್ತಾಗಿದೆ, ಸಹಜವೇ. ಆದರೆ 300 ಸೆಕೆಂಡಿನಲ್ಲಿ 20 ಅಂದರೆ ಹೆಚ್ಚುಕಮ್ಮಿ ಶೇಕಡಾ 7. ಆ ಫೋಟೋದ ಹಿಂದಿನ ಜೋಡಿಗೆ ನಿಮಗೆ 0.0276, ಮುಂದಿನ ಜೋಡಿಗೆ 0.0236 ಬಂದಿದೆ. ನಿಜವಾದ ಸಮಯ ಹಾಕಿ ನೋಡಿ: 0.0259 ಮತ್ತು 0.0252. ಕುಣಿತ ಅಲ್ಲಿಗೆ ನಿಂತಿತು, ಟೀ ಏನೂ ಮಾಡಿರಲಿಲ್ಲ. ಫೋಟೋ ತೆಗೆಯುವುದರ ದೊಡ್ಡ ಲಾಭ ಇದೇ. ಕೈಯಲ್ಲಿ ಬರೆದುಕೊಂಡಿದ್ದರೆ ಆ 20 ಸೆಕೆಂಡ್ ಎಲ್ಲೂ ದಾಖಲಾಗುತ್ತಿರಲಿಲ್ಲ.

ಸಮಯವನ್ನು ಮೂಲ ಫೋಟೋದಿಂದಲೇ ತೆಗೆದುಕೊಳ್ಳಿ. ಬಹಳಷ್ಟು ಫೋನುಗಳಲ್ಲಿ ಫೈಲ್ ಹೆಸರು `IMG_20250114_173520.jpg` ಥರ ಇರುತ್ತದೆ, ಕೊನೆಯ ಆರು ಅಂಕಿ ಗಂಟೆ, ನಿಮಿಷ, ಸೆಕೆಂಡ್. ಲ್ಯಾಪ್‌ಟಾಪ್ ಇದ್ದರೆ exiftool ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು, ಫೋಟೋಗಳಿರುವ ಫೋಲ್ಡರಿನಲ್ಲಿ ಈ ಕಮಾಂಡ್ ಕೊಟ್ಟು ಎಲ್ಲ ಫೋಟೋಗಳ ಸಮಯವನ್ನೂ ಒಟ್ಟಿಗೆ ತೆಗೆಯಬಹುದು:

```
exiftool -csv -DateTimeOriginal *.jpg > samaya.csv
```

ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಹೆಸರು `IMG-20250114-WA0007.jpg` ಅಂತಾಗಿ ತೆಗೆದ ಸಮಯ ಅಳಿಸಿಹೋಗುತ್ತದೆ. ಗೆಳತಿಯ ಫೋನಿನಲ್ಲಿ ತೆಗೆದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ನೀವು ಇಮೇಲಿಗೆ ಮೂಲ ಫೈಲನ್ನೇ ಹಾಕಿದ್ದಕ್ಕೆ ನನಗೆ ಆ 20 ಸೆಕೆಂಡ್ ಕಾಣಿಸಿತು.

ಫೋಟೋಗಳಲ್ಲಿ ಇನ್ನೊಂದು ವಿಷಯ ಇದೆ, ಸ್ವಲ್ಪ ದೊಡ್ಡದು ಮಾಡಿಕೊಂಡು ನೋಡಿ. 84 ಇರುವ ಫೋಟೋದಲ್ಲಿ ಗಾಜಿನ ಮೇಲಿನ ಡಿಗ್ರಿ ಗೆರೆಗಳು ನೇರವಾಗಿವೆ. 45 ಇರುವ ಫೋಟೋದಲ್ಲಿ ಅದೇ ಗೆರೆಗಳು ನಡುವೆ ಕೆಳಕ್ಕೆ ಬಾಗಿವೆ. ಗೆರೆ ಬಾಗಿ ಕಂಡರೆ ಫೋನ್ ಆ ಮಟ್ಟದಲ್ಲಿಲ್ಲ, ಮೇಲಿಂದ ನೋಡುತ್ತಿದೆ ಅಂತ ಅರ್ಥ. ದ್ರವದ ಎಳೆ ಗಾಜಿನ ಒಳಗಿದೆ, ಗೆರೆಗಳು ಹೊರಮೈ ಮೇಲಿವೆ, ಹಾಗಾಗಿ ಮೇಲಿಂದ ನೋಡಿದರೆ ಎಳೆಯ ತುದಿ ಇರುವುದಕ್ಕಿಂತ ಸ್ವಲ್ಪ ಮೇಲಿನ ಗೆರೆಗೆ ಸೇರಿದ ಹಾಗೆ ಕಾಣುತ್ತದೆ. ಇಂಥ ಥರ್ಮಾಮೀಟರಿನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 2 ಮಿಲಿಮೀಟರ್. 84ರಿಂದ 45ಕ್ಕೆ ಬರುವಾಗ ತುದಿ ಎಂಟು ಸೆಂಟಿಮೀಟರ್ ಹತ್ತಿರ ಕೆಳಗಿಳಿಯುತ್ತದೆ, ಫೋನ್ ಮಾತ್ರ ಇದ್ದಲ್ಲೇ ಇರುತ್ತದೆ. 20 ಸೆಂಟಿಮೀಟರ್ ದೂರದಿಂದ ತೆಗೆದರೆ ಅದು 20 ಡಿಗ್ರಿಗೂ ಜಾಸ್ತಿ ಓರೆ, ಓದುವುದರಲ್ಲಿ ಅರ್ಧ ಡಿಗ್ರಿ ಹತ್ತಿರ ತಪ್ಪು. ಎಲ್ಲ ಫೋಟೋದಲ್ಲೂ ಒಂದೇ ಸಮ ತಪ್ಪಾದರೆ ಅಷ್ಟು ತೊಂದರೆಯಿಲ್ಲ. ಇದು ಹಾಗಲ್ಲ, ಹೊತ್ತು ಹೋದಂತೆ ಬೆಳೆಯುವ ತಪ್ಪು, ಟೀ ನಿಜಕ್ಕಿಂತ ನಿಧಾನವಾಗಿ ತಣಿಯುತ್ತಿದೆ ಅಂತ ತೋರಿಸುತ್ತದೆ. ಮುಂದಿನ ಸಲ ಒಂದು ಮೀಟರ್ ದೂರದಲ್ಲಿ ಫೋನನ್ನು ಪುಸ್ತಕಗಳ ಮೇಲೆ ನಿಲ್ಲಿಸಿ, ಜೂಮ್ ಮಾಡಿ ತೆಗೆಯಿರಿ. ಓರೆ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ, ಹಬೆಯೂ ಲೆನ್ಸಿಗೆ ಬಡಿಯುವುದಿಲ್ಲ.

ಇಷ್ಟೆಲ್ಲ ಸರಿಮಾಡಿದರೂ ಮೊದಲ ಐದು ನಿಮಿಷದ k ಕೊನೆಯದಕ್ಕೆ ಬಂದು ಸೇರುವುದಿಲ್ಲ. ಮೊದಲ ಜೋಡಿಗೂ ಅದೇ ಅರ್ಧ ಡಿಗ್ರಿ ಲೆಕ್ಕ ಹಾಕಿದರೆ 0.034ರಿಂದ 0.042 ಬರುತ್ತದೆ. ಕೊನೆಯದು 0.010ರಿಂದ 0.030. ಎರಡೂ ಎಲ್ಲೂ ಮುಟ್ಟುವುದೇ ಇಲ್ಲ. ಅಂದರೆ ಈ ಇಳಿತ ಓದಿದ್ದರಲ್ಲಿನ ತಪ್ಪಲ್ಲ, ಕಪ್ಪಿನಲ್ಲೇ ನಡೆದದ್ದು.

ಕಾರಣ ಆವಿ. ತಣಿಯುವ ವೇಗ ರೂಮಿಗಿಂತ ಜಾಸ್ತಿ ಇರುವ ಬಿಸಿಯ ಪ್ರಮಾಣದಲ್ಲಿರುತ್ತದೆ ಅನ್ನುವ ಈ ನಿಯಮವನ್ನು ನ್ಯೂಟನ್ 1701ರಲ್ಲಿ ಪ್ರಕಟಿಸಿದಾಗ ಅವರ ಮುಂದಿದ್ದದ್ದು ಕಾದ ಕಬ್ಬಿಣ, ಅದೂ ಒಂದೇ ಸಮ ಬೀಸುವ ಗಾಳಿಯಲ್ಲಿ. ಅಲ್ಲಿ ಆವಿಯ ಮಾತೇ ಇಲ್ಲ. ನಿಮ್ಮ ಕಪ್ಪಿನ ಬಾಯಿ ತೆರೆದಿದೆ, ನೀರು ಆವಿಯಾಗಿ ಹೋಗುತ್ತಿದೆ, ಪ್ರತಿ ಗ್ರಾಂ ನೀರೂ ಎರಡು ಕಿಲೋಜೂಲಿಗೂ ಜಾಸ್ತಿ ಶಾಖ ಹೊತ್ತುಕೊಂಡು ಹೋಗುತ್ತದೆ. ಈ ನಷ್ಟ ರೂಮಿಗಿಂತ ಜಾಸ್ತಿ ಇರುವ ಬಿಸಿಯ ಪ್ರಮಾಣದಲ್ಲೇ ಇಳಿದಿದ್ದರೆ k ಬದಲಾಗುತ್ತಿರಲಿಲ್ಲ. ಹಾಗೆ ಆಗುವುದಿಲ್ಲ. 84 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ ಸುಮಾರು 55 ಕಿಲೋಪಾಸ್ಕಲ್, 45ರಲ್ಲಿ ಹತ್ತಕ್ಕೂ ಸ್ವಲ್ಪ ಕಡಿಮೆ. ಜಾಸ್ತಿ ಇರುವ ಬಿಸಿ 58ರಿಂದ 19ಕ್ಕೆ ಬಂದಿದೆ, ಅಂದರೆ ಮೂರು ಪಾಲಿನಲ್ಲಿ ಒಂದು ಪಾಲು ಉಳಿದಿದೆ, ಆವಿಯ ಒತ್ತಡ ಆರರಲ್ಲಿ ಒಂದಕ್ಕೆ ಹತ್ತಿರ ಬಂದಿದೆ. ಹಾಗಾಗಿ ಮೊದಲ ಹದಿನೈದು ನಿಮಿಷ ಟೀ ನ್ಯೂಟನ್ ನಿಯಮಕ್ಕಿಂತ ಜೋರಾಗಿ ತಣಿಯುತ್ತದೆ, ಆಮೇಲೆ ನಿಯಮದ ಹತ್ತಿರಕ್ಕೆ ಬರುತ್ತದೆ. ಮೊದಲ ಒಂದೆರಡು ನಿಮಿಷ ದಪ್ಪ ಪಿಂಗಾಣಿ ಕಪ್ ತಾನೇ ಬಿಸಿಯಾಗಲು ಟೀಯಿಂದ ಶಾಖ ಎಳೆದುಕೊಳ್ಳುತ್ತದೆ, ಅದೂ ಮೊದಲ ಜೋಡಿಯಲ್ಲಿ ಸೇರಿದೆ.

ಆವಿಯ ಪಾಲು ಎಷ್ಟು ಅಂತ ಮನೆಯಲ್ಲೇ ಅಳೆಯಬಹುದು. ಅಡುಗೆಮನೆಯ ಡಿಜಿಟಲ್ ತೂಕದ ಮೇಲೆ ಕಪ್ಪನ್ನು ಶುರುವಿನಲ್ಲೊಮ್ಮೆ, 40 ನಿಮಿಷದ ಕೊನೆಗೊಮ್ಮೆ ಇಡಿ. 150 ಗ್ರಾಂ ಟೀ 39 ಡಿಗ್ರಿ ಇಳಿಯಲು ಕಳೆದುಕೊಳ್ಳಬೇಕಾದ ಶಾಖ ಸುಮಾರು 24.5 ಕಿಲೋಜೂಲ್. ತೂಕ 5 ಗ್ರಾಂ ಕಡಿಮೆಯಾಗಿದ್ದರೆ ಆವಿಯೊಂದೇ ಸುಮಾರು 12 ಕಿಲೋಜೂಲ್ ಒಯ್ದಿದೆ, ಅರ್ಧದಷ್ಟು. ತೂಕ ಮಾಡುವಾಗ ಎರಡೂ ಸಲ ಥರ್ಮಾಮೀಟರ್ ಹೊರಗಿರಲಿ.

ಈಗ ನಿಮ್ಮ ಸಂಖ್ಯೆಗಳಿಗೆ ಬರೋಣ. ಸ್ಪ್ರೆಡ್‌ಶೀಟಿನ A ಕಾಲಮ್ಮಿನಲ್ಲಿ ನಿಜವಾದ ಸಮಯ ನಿಮಿಷದಲ್ಲಿ (ಆ ಫೋಟೋಗೆ 25.33), B ಕಾಲಮ್ಮಿನಲ್ಲಿ ಓದಿದ ಉಷ್ಣತೆ, C ಕಾಲಮ್ಮಿನಲ್ಲಿ `=LN(B2-26)` ಹಾಕಿ ಕೆಳಗೆ ಎಳೆಯಿರಿ. ಕ್ಯಾಲ್ಕುಲೇಟರಿನಲ್ಲಾದರೆ `log` ಅಲ್ಲ, `ln` ಒತ್ತಬೇಕು, ಇಲ್ಲದಿದ್ದರೆ k ಅರ್ಧಕ್ಕಿಂತ ಕಡಿಮೆ ಬರುತ್ತದೆ. ಆಮೇಲೆ ಬಿಂದುಗಳಿಗೆ ಅತಿ ಹತ್ತಿರ ಹೊಂದುವ ನೇರ ಗೆರೆಯ ಇಳಿಜಾರು ತೆಗೆಯಿರಿ, ಅದರ ಚಿಹ್ನೆ ಬದಲಿಸಿದರೆ k:

```
=-SLOPE(C2:C10, A2:A10)
```

ಒಂಬತ್ತೂ ಫೋಟೋಗೆ ಬರುವುದು 0.0276. ಇದನ್ನು ಬರೆದು ಮುಗಿಸಬೇಡಿ. ಈ ಗೆರೆಯ ಪ್ರಕಾರ ಶುರುವಿನಲ್ಲಿ ಟೀ 81 ಡಿಗ್ರಿ ಇರಬೇಕಿತ್ತು, ನಿಮ್ಮ ಫೋಟೋದಲ್ಲಿ 84 ಇದೆ. 15ನೇ ನಿಮಿಷಕ್ಕೆ 62.4 ಇರಬೇಕಿತ್ತು, ಇರುವುದು 61. ಕೊನೆಗೆ 44.3 ಇರಬೇಕಿತ್ತು, ಇರುವುದು 45. ಎರಡು ತುದಿಯಲ್ಲಿ ನಿಮ್ಮ ಬಿಂದುಗಳು ಗೆರೆಗಿಂತ ಮೇಲೆ, ನಡುವೆ ಕೆಳಗೆ. ಬರೀ ಓದುವ ತಪ್ಪಾಗಿದ್ದರೆ ಮೇಲೆ ಕೆಳಗೆ ಯದ್ವಾತದ್ವಾ ಚದುರಿರುತ್ತಿದ್ದವು. ಹೀಗೆ ಬಿಲ್ಲಿನ ಹಾಗೆ ಬಾಗಿದರೆ, ಅದೂ ತುದಿಯಲ್ಲಿ ಮೂರು ಡಿಗ್ರಿ ಬಾಗಿದರೆ, ಅಲ್ಲಿ ಒಂದೇ k ಕೆಲಸ ಮಾಡುತ್ತಿಲ್ಲ.

20ನೇ ನಿಮಿಷದಿಂದ ಕೊನೆಯವರೆಗಿನ ಐದು ಬಿಂದು ಮಾತ್ರ ತೆಗೆದುಕೊಳ್ಳಿ, 57ರಿಂದ 45. k 0.025 ಹತ್ತಿರ ಬರುತ್ತದೆ, ಐದೂ ಬಿಂದುಗಳು ಗೆರೆಯಿಂದ ಅರ್ಧ ಡಿಗ್ರಿಯ ಒಳಗೇ ಇವೆ. ಎಷ್ಟು ಗಟ್ಟಿ ಅಂತ ನೋಡಲು ಎರಡು ತುದಿಗಳನ್ನು ಅರ್ಧ ಡಿಗ್ರಿ ಆಚೀಚೆ ಮಾಡಿ: 0.022ರಿಂದ 0.027. ಮೊದಲ 15 ನಿಮಿಷಕ್ಕೆ ಹೀಗೇ ಮಾಡಿದರೆ 0.034 ಬರುತ್ತದೆ, ಹೆಚ್ಚೆಂದರೆ 0.032ರಿಂದ 0.035. ಎರಡೂ ನಿಮ್ಮ ಕಪ್ಪಿನ ನಿಜವಾದ ಸಂಖ್ಯೆಗಳೇ, ಬೇರೆ ಬೇರೆ ಉಷ್ಣತೆಯಲ್ಲಿ.

ಇಲ್ಲಿ ಒಂದು ಹಳ್ಳ ಇದೆ, ಪ್ರಾಜೆಕ್ಟುಗಳಲ್ಲಿ ನಾನು ಪದೇ ಪದೇ ನೋಡುವುದು ಇದನ್ನೇ. ಗೆರೆ ಬಾಗಿದ್ದು ನೋಡಿ ಯಾರಾದರೂ "ರೂಮ್ ಟೆಂಪರೇಚರ್ ಸರಿಯಿಲ್ಲ, ಸ್ವಲ್ಪ ಬದಲಾಯಿಸಿ ನೋಡು" ಅನ್ನುತ್ತಾರೆ, ಅಥವಾ ಸಾಫ್ಟ್‌ವೇರಿಗೆ k ಜೊತೆ Ta ಕೂಡ ನೀನೇ ಹುಡುಕು ಅಂತ ಬಿಡುತ್ತಾರೆ. ನಿಮ್ಮ ಸಂಖ್ಯೆಗಳಲ್ಲೇ 26ರ ಬದಲು 36 ಹಾಕಿ. ಬಾಗು ಮಾಯ. ಮೊದಲ 15 ನಿಮಿಷಕ್ಕೆ 0.043, ಕೊನೆಯ 20 ನಿಮಿಷಕ್ಕೆ 0.042, ಗೆರೆ ಅಂದವಾಗಿ ನೇರ. ಮಾರ್ಕ್ಸ್ ಸಿಗುವ ಗ್ರಾಫ್ ಅನ್ನಿಸುತ್ತದೆ. ಆದರೆ ರೂಮು 36 ಇರಲೇ ಇಲ್ಲ. ಆವಿಯಿಂದ ಬಂದ ಬಾಗನ್ನು ಒಂದು ಸುಳ್ಳು ರೂಮ್ ಟೆಂಪರೇಚರ್ ನುಂಗಿಕೊಂಡಿದೆ, ಅದರ ಜೊತೆ k ಒಂದೂಮುಕ್ಕಾಲು ಪಟ್ಟು ಆಗಿಬಿಟ್ಟಿದೆ. ಗೆರೆ ನೇರ ಬಂತು ಅಂದಮಾತ್ರಕ್ಕೆ ಉತ್ತರ ಸರಿ ಅಂತಲ್ಲ.

ಇದನ್ನು ಹಿಡಿಯಲು ಇನ್ನೊಂದು ಫೋಟೋ ಸಾಕು. ಕಪ್ಪನ್ನು ಅಲ್ಲೇ ಬಿಟ್ಟು, ಶುರುವಾದ ಎರಡು ಗಂಟೆಗೆ ಒಂದು ಫೋಟೋ ತೆಗೆಯಿರಿ. Ta 36 ಆಗಿದ್ದರೆ ಟೀ 36ಕ್ಕೆ ಬಂದು ನಿಂತಿರಬೇಕು. 26 ಮತ್ತು 0.025 ಸರಿಯಾಗಿದ್ದರೆ 29ರ ಆಸುಪಾಸು ಇರಬೇಕು. ಏಳು ಡಿಗ್ರಿ ವ್ಯತ್ಯಾಸ, ಕಣ್ಣು ಕುಕ್ಕುವಷ್ಟು. ನೀವು 40 ನಿಮಿಷಕ್ಕೇ ನಿಲ್ಲಿಸಿದ್ದೀರಿ, ಹಾಗಾಗಿ ಈ ಪ್ರಶ್ನೆಗೆ ನಿಮ್ಮ ಫೋಟೋಗಳೇ ಉತ್ತರ ಕೊಡಲಾರವು.

ರೂಮಿನ ಉಷ್ಣತೆಯನ್ನು ಗೋಡೆ ಗಡಿಯಾರದಲ್ಲಿ ಅಥವಾ ಫೋನಿನ ಹವಾಮಾನದಲ್ಲಿ ನೋಡಿ ಬರೆಯುವುದು ಬೇಡ. ಕಪ್ಪಿಗೆ ಅದ್ದುವ ಥರ್ಮಾಮೀಟರನ್ನೇ ಮೊದಲು ಮೇಜಿನ ಮೇಲೆ, ಕಪ್ ಇಡುವ ಜಾಗದಿಂದ ಒಂದು ಮೊಳ ದೂರದಲ್ಲಿ ಹತ್ತು ನಿಮಿಷ ಇಟ್ಟು ಫೋಟೋ ತೆಗೆಯಿರಿ. ಕೊನೆಯಲ್ಲಿ ಒರೆಸಿ ಮತ್ತೊಮ್ಮೆ. ಅದೇ ಥರ್ಮಾಮೀಟರ್ ಯಾಕೆ ಅಂದರೆ, ಅದು ಎಲ್ಲ ಕಡೆ ಒಂದು ಡಿಗ್ರಿ ಜಾಸ್ತಿ ತೋರಿಸುವಂಥದ್ದಾದರೂ ಕಳೆಯುವಾಗ ಆ ತಪ್ಪು ಹೊರಟುಹೋಗುತ್ತದೆ. ಎರಡು ಬೇರೆ ಥರ್ಮಾಮೀಟರ್ ಬಳಸಿದರೆ ಉಳಿದುಕೊಳ್ಳುತ್ತದೆ. ನಿಮ್ಮ 26 ನಿಜದಲ್ಲಿ 28 ಆಗಿದ್ದರೆ ಕೊನೆಯ 20 ನಿಮಿಷದ k 0.0245 ಇದ್ದದ್ದು 0.0267 ಆಗುತ್ತದೆ. ಎರಡು ಡಿಗ್ರಿಗೆ ಶೇಕಡಾ 9.

ಇನ್ನು ನಿಮ್ಮ ಮುಂದಿರುವ ದಾರಿಗಳು. ಸಮಯವಿಲ್ಲ, ನಾಳೆಯೇ ಕೊಡಬೇಕು ಅಂದರೆ ಇರುವ ಫೋಟೋಗಳಿಂದಲೇ ಎರಡು k ಬರೆಯಿರಿ, ಯಾವ ಉಷ್ಣತೆಯಲ್ಲಿ ಯಾವುದು ಅಂತ ಸೇರಿಸಿ. ಇದರಲ್ಲಿ ಸುಳ್ಳಿಲ್ಲ. ಆದರೆ ಆವಿಯೇ ಕಾರಣ ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ನೇರ ಸಾಕ್ಷಿ ಇರುವುದಿಲ್ಲ. ಒಂದು ಸಂಜೆ ಸಿಗುತ್ತದೆ ಅಂದರೆ ಅದೇ ಕಪ್, ಅದೇ 150 ಎಂಎಲ್, ಈ ಸಲ ಮೇಲೆ ರಟ್ಟು ಮುಚ್ಚಿ. ಥರ್ಮಾಮೀಟರಿಗೆ ಮಾತ್ರ ಬಿಗಿಯಾಗಿ ಒಂದು ತೂತು. ಕಪ್ಪನ್ನು ಮೊದಲು ಬಿಸಿನೀರಿನಲ್ಲಿ ತೊಳೆದಿಡಿ, ಟೀ ಸುರಿದು ಎರಡು ನಿಮಿಷ ಬಿಟ್ಟು ಮೊದಲ ಫೋಟೋ. ಆವಿ ನಿಂತರೆ ಶುರುವಿನ k ಗಟ್ಟಿಯಾಗಿ ಇಳಿದು ಕೊನೆಯದಕ್ಕೆ ಹತ್ತಿರ ಬರಬೇಕು. ಪೂರ್ತಿ ಸೇರುವುದಿಲ್ಲ, ಯಾಕೆಂದರೆ ಬಿಸಿ ಜಾಸ್ತಿ ಇದ್ದಾಗ ಕಪ್ಪಿನ ಸುತ್ತ ಗಾಳಿ ಮೇಲೇಳುವುದೂ ಜೋರಾಗಿರುತ್ತದೆ. ಹೀಗೆ ಬರುವುದು ಮುಚ್ಚಿದ ಕಪ್ಪಿನ k, ಮೊದಲಿನದರ ಜೊತೆ ಕಲಸಿ ಸರಾಸರಿ ಮಾಡುವಂತಿಲ್ಲ.

ಹಾಲು ಹಾಕಿದ ಟೀ ಆದರೆ ಇನ್ನೊಂದು ಎಚ್ಚರಿಕೆ. ಹತ್ತು ಹನ್ನೆರಡು ನಿಮಿಷಕ್ಕೆ ಮೇಲೆ ಕೆನೆ ಕಟ್ಟುತ್ತದೆ, ಆ ತೆಳು ಪದರವೇ ಒಂದು ಮುಚ್ಚಳದ ಕೆಲಸ ಮಾಡಿ ಆವಿಯನ್ನು ತಡೆಯುತ್ತದೆ. ನಿಮ್ಮ 20ನೇ ನಿಮಿಷದ ಫೋಟೋದಲ್ಲಿ ಗಾಜಿನ ಕಡ್ಡಿಯ ಸುತ್ತ ಸುಕ್ಕುಗಟ್ಟಿದ ಕೆನೆ ಕಾಣುತ್ತಿದೆ, ಹಾಗಾಗಿ ನಿಮ್ಮ ಇಳಿತದಲ್ಲಿ ಅದರ ಪಾಲೂ ಇರಬಹುದು. ಹಾಲಿಲ್ಲದ ಟೀ ಅಥವಾ ಬರೀ ಬಿಸಿನೀರು ತೆಗೆದುಕೊಂಡರೆ ಈ ತಲೆನೋವಿಲ್ಲ. ಟೀಯೇ ಬೇಕು ಅಂದರೆ ಪ್ರತಿ ಫೋಟೋಗೆ ಅರ್ಧ ನಿಮಿಷ ಮುಂಚೆ ಚಮಚದಿಂದ ಎರಡು ಸುತ್ತು ಕಲಕಿ ಚಮಚ ಹೊರಗಿಡಿ. ಥರ್ಮಾಮೀಟರಿನಿಂದ ಕಲಕಬೇಡಿ, ಅದರ ಬುರುಡೆ ಕಪ್ಪಿನ ತಳಕ್ಕೂ ತಾಗಬಾರದು. ಮನೆಯ ಜ್ವರದ ಗಾಜಿನ ಥರ್ಮಾಮೀಟರನ್ನಂತೂ ಯಾರೂ ಬಿಸಿ ಟೀಗೆ ಹಾಕಬೇಡಿ, ಅದು 42 ಡಿಗ್ರಿಯವರೆಗಿನದು, ಒಡೆದು ಪಾದರಸ ಹೊರಬರುತ್ತದೆ.

ರೆಕಾರ್ಡಿನಲ್ಲಿ ಉತ್ತರವನ್ನು ಹೀಗೆ ಬರೆಯಿರಿ: "ತೆರೆದ ಪಿಂಗಾಣಿ ಕಪ್, 150 ಎಂಎಲ್ ಹಾಲಿನ ಟೀ, ರೂಮ್ 26 ಡಿಗ್ರಿ. 57ರಿಂದ 45 ಡಿಗ್ರಿಯವರೆಗೆ k ನಿಮಿಷಕ್ಕೆ 0.025, ಹೆಚ್ಚುಕಮ್ಮಿ 0.002. 84ರಿಂದ 61ರವರೆಗೆ 0.034, ಹೆಚ್ಚುಕಮ್ಮಿ 0.002." ವೈವಾದಲ್ಲಿ "ಮೊದಲಿನ ಬಿಂದುಗಳನ್ನು ಯಾಕೆ ಬಿಟ್ಟೆ?" ಅಂತ ಕೇಳಿಯೇ ಕೇಳುತ್ತಾರೆ. ಬಿಟ್ಟಿಲ್ಲ, ಬೇರೆ ಲೆಕ್ಕ ಹಾಕಿದ್ದೇನೆ ಅನ್ನಿ, ಮೂರು ಡಿಗ್ರಿ ಬಾಗಿದ ಗ್ರಾಫ್ ತೋರಿಸಿ, ಮುಚ್ಚಿದ ಕಪ್ಪಿನದು ಮಾಡಿದ್ದರೆ ಅದನ್ನು ಪಕ್ಕದಲ್ಲಿಡಿ.